ಬೈಬ್ಯಾಕ್ ದುಡ್ಡು ಡಿವಿಡೆಂಡ್ ಆದದ್ದು ಹೇಗೆ? ಸಿಎ ವಸುಧಾ ಅವರಿಗೆ ಪ್ರಶ್ನೆಗಳು

ಸುಬ್ರಾಯ: ಮೇಡಂ, 2021ರಲ್ಲಿ ತಲಾ 1,000 ರೂಪಾಯಿಗೆ ಕೊಂಡ 40 ಷೇರುಗಳನ್ನು 2025ರ ನವೆಂಬರ್‌ನಲ್ಲಿ ಕಂಪನಿಯೇ ವಾಪಸ್ ಕೊಳ್ಳುವ ಬೈಬ್ಯಾಕ್‌ಗೆ ಕೊಟ್ಟೆ. ತಲಾ 1,800 ಬಂತು. ಲಾಭ 32,000. ಆದರೆ ತೆರಿಗೆ ಇಲಾಖೆಯ ಆದಾಯ ಪಟ್ಟಿಯಾದ ಎಐಎಸ್‌ನಲ್ಲಿ 72,000 ಡಿವಿಡೆಂಡ್ ಅಂತಿದೆ. ತಪ್ಪಲ್ಲವಾ?

ಸಿಎ ವಸುಧಾ: ತಪ್ಪಲ್ಲ ಸರ್. ನಿಮಗೆ ಹೊಟ್ಟೆ ಉರಿಯೋದು ಸಹಜ, ನನಗೂ ಈ ನಿಯಮ ಇಷ್ಟವಾಗಿರಲಿಲ್ಲ.

ಡಿವಿಡೆಂಡ್ ಬಂದಾಗ ಷೇರು ನಿಮ್ಮ ಬಳಿಯೇ ಉಳಿಯುತ್ತದೆ. ಹಾಗಾಗಿ ಕೈಗೆ ಬಂದಷ್ಟೂ ಆದಾಯ, ಸ್ಲ್ಯಾಬ್ ಪ್ರಕಾರ ತೆರಿಗೆ. ಬೈಬ್ಯಾಕ್‌ನಲ್ಲಿ ಷೇರೇ ಕೈಬಿಟ್ಟು ಹೋಗುತ್ತದೆ. ಬಂದ ಹಣದಲ್ಲಿ ಒಂದು ಪಾಲು ನಿಮ್ಮದೇ ಅಸಲು. ನ್ಯಾಯವಾಗಿ ಅಸಲು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ ಬೀಳಬೇಕು. ಆದರೆ ಆ ವ್ಯತ್ಯಾಸ ನೋಡಿಯೇ ಕಂಪನಿಗಳು ಡಿವಿಡೆಂಡ್ ಬದಲು ಬೈಬ್ಯಾಕ್ ಮಾಡುತ್ತಿವೆ ಅನ್ನೋದು ಸರ್ಕಾರದ ಗುಮಾನಿ. ಅದಕ್ಕೆ 2024ರ ಅಕ್ಟೋಬರ್ 1ರಿಂದ ಬೈಬ್ಯಾಕ್‌ನ ಪೂರ್ತಿ ಮೊತ್ತವನ್ನು ಡಿವಿಡೆಂಡ್ ಎಂದೇ ಪರಿಗಣಿಸಿದರು. ನೀವು ಆ ಅವಧಿಯಲ್ಲಿ ಸಿಕ್ಕಿಬಿದ್ದಿದ್ದೀರಿ.

ಅಸಲು ಮಾಯವಾಗಿಲ್ಲ. ಷೇರು ಸೊನ್ನೆಗೆ ಮಾರಿದಂತೆ ಲೆಕ್ಕ, ಆದ್ದರಿಂದ 40,000 ನಿಮ್ಮ ದೀರ್ಘಾವಧಿ ಬಂಡವಾಳ ನಷ್ಟ. ನೀವು 30% ಸ್ಲ್ಯಾಬ್‌ನಲ್ಲಿದ್ದರೆ 72,000ಕ್ಕೆ 21,600 ತೆರಿಗೆ, ಸೆಸ್ ಬೇರೆ. ಮುಂದೆ ದೀರ್ಘಾವಧಿ ಲಾಭ ಬಂದು ತೆರಿಗೆ ಕಟ್ಟುವ ಹಾಗಾದರೆ ಈ ನಷ್ಟ 12.5% ಲೆಕ್ಕದಲ್ಲಿ 5,000 ಉಳಿಸಿಕೊಡುತ್ತದೆ. ಬರದಿದ್ದರೆ ಅದೂ ಇಲ್ಲ. ಅಂದರೆ 32,000 ಲಾಭಕ್ಕೆ ಕನಿಷ್ಠ 16,600 ತೆರಿಗೆ.

ಅದೇ ಷೇರನ್ನು ಮಾರುಕಟ್ಟೆಯಲ್ಲಿ 1,600ಕ್ಕೇ ಮಾರಿದ್ದರೂ 24,000 ಲಾಭಕ್ಕೆ ಹೆಚ್ಚೆಂದರೆ 3,000 ತೆರಿಗೆ. ಕೈಯಲ್ಲಿ 61,000 ಉಳಿಯುತ್ತಿತ್ತು. ಈಗ ಉಳಿದದ್ದು 50,400, ಮೇಲೆ ಆ 5,000ದ ಆಸೆ. ಬೈಬ್ಯಾಕ್ ಬೆಲೆ ಮಾರುಕಟ್ಟೆಗಿಂತ ಜಾಸ್ತಿ ಅಂತ ಆಗ ಕೊಟ್ಟ ದೊಡ್ಡ ಸ್ಲ್ಯಾಬ್‌ನ ಎಷ್ಟೋ ಜನರಿಗೆ ಇದೇ ಪಾಡು.

ಮರೆಯಬೇಡಿ, ಐಟಿಆರ್-2ರಲ್ಲಿ ನಷ್ಟ ತೋರಿಸಿ ಗಡುವಿನೊಳಗೆ ಸಲ್ಲಿಸಿದರೆ ಮಾತ್ರ 8 ವರ್ಷ ಮುಂದಕ್ಕೆ ಒಯ್ಯಬಹುದು. ತಡವಾದರೆ ಹೋಯಿತು.

ಕಿರಣ್: ಬೈಬ್ಯಾಕ್‌ಗೆ ಕಂಪನಿಯೇ ತೆರಿಗೆ ಕಟ್ಟುತ್ತೆ, ಷೇರುದಾರನಿಗೆ ಪೂರ್ತಿ ವಿನಾಯಿತಿ. ನನಗೆ 2022ರಲ್ಲಿ ಹಾಗೇ ಆಯ್ತು. ಮೇಡಂ ಯಾಕೆ ಹೆದರಿಸ್ತಿದ್ದಾರೆ?

ಸಿಎ ವಸುಧಾ: 2022ರಲ್ಲಿ ಹಾಗಿತ್ತು. ಈಗಿಲ್ಲ.

ಜಯಶ್ರೀ: ನಮ್ಮಮ್ಮನಿಗೂ ಬೈಬ್ಯಾಕ್ ದುಡ್ಡು ಬಂದಿದೆ, 10% ಟಿಡಿಎಸ್ ಹಿಡಿದಿದ್ದಾರೆ. ಅವರಿಗೆ ಪಿಂಚಣಿ ಬಿಟ್ಟರೆ ಬೇರೆ ಏನೂ ಇಲ್ಲ, ಎಲ್ಲ ಸೇರಿ ವರ್ಷಕ್ಕೆ 5 ಲಕ್ಷ ದಾಟಲ್ಲ.

ಸಿಎ ವಸುಧಾ: ನಿಮ್ಮಮ್ಮನಿಗೆ ಈ ನಿಯಮ ವರವೇ ಆಯಿತು! ಡಿವಿಡೆಂಡ್ ಅಂದರೆ ಸಾಮಾನ್ಯ ಆದಾಯ. ಹೊಸ ಪದ್ಧತಿಯಲ್ಲಿ ಅಷ್ಟಕ್ಕೆ ತೆರಿಗೆ ಬರುವುದಿಲ್ಲ. ರಿಟರ್ನ್ ಸಲ್ಲಿಸಿ ಟಿಡಿಎಸ್ ವಾಪಸ್ ಪಡೆಯಿರಿ, ನಷ್ಟವನ್ನೂ ಬರೆಸಿ.

ಸುಬ್ರಾಯ: ಒಂದು ಗ್ರೂಪಲ್ಲಿ ಬಂದಿತ್ತು, ಎಐಎಸ್‌ನಲ್ಲಿ "ಮಾಹಿತಿ ಸರಿಯಿಲ್ಲ" ಅಂತ ಹಾಕಿ 32,000 ಮಾತ್ರ ತೋರಿಸಿದರೆ ಸಾಕಂತೆ. ಇಲ್ಲವೇ ಷೇರು ಮೊದಲೇ ಹೆಂಡತಿ ಹೆಸರಿಗೆ ಮಾಡಬೇಕಂತೆ.

ಸಿಎ ವಸುಧಾ: ಎರಡೂ ಮಾಡಬೇಡಿ. ಕಂಪನಿ 72,000 ಎಂದೇ ವರದಿ ಮಾಡಿದೆ, ನೀವು ಇಲ್ಲವೆಂದರೆ ನೋಟಿಸ್ ಗ್ರೂಪಿಗೆ ಬರುವುದಿಲ್ಲ, ನಿಮ್ಮ ಮನೆಗೆ ಬರುತ್ತದೆ. ಹೆಂಡತಿಗೆ ಉಡುಗೊರೆ ಕೊಟ್ಟ ಷೇರಿನ ಆದಾಯ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಫಾರ್ವರ್ಡ್ ಓದಿ ರಿಟರ್ನ್ ತುಂಬುವ ಕಾಯಿಲೆಗೆ ನನ್ನ ಹತ್ತಿರ ಔಷಧವಿಲ್ಲ.

ಹರೀಶ್: 2026ರ ಬಜೆಟ್‌ನಲ್ಲಿ ಬದಲಾಯಿತಲ್ಲ ಮೇಡಂ?

ಸಿಎ ವಸುಧಾ: ಹೌದು, 2026ರ ಏಪ್ರಿಲ್ 1ರಿಂದ ಮತ್ತೆ ಬಂಡವಾಳ ಲಾಭ. ಸುಬ್ರಾಯರ ಲೆಕ್ಕ ಆಗ ಬಂದಿದ್ದರೆ 32,000ಕ್ಕೆ ಹೆಚ್ಚೆಂದರೆ 4,000. ಪ್ರವರ್ತಕರಿಗೆ ಮಾತ್ರ ಹೆಚ್ಚುವರಿ ತೆರಿಗೆ: ಕಂಪನಿಯಾದರೆ ಒಟ್ಟು 22%, ಇತರರಾದರೆ 30%. ಯಾವಾಗ ಬೈಬ್ಯಾಕ್ ಮಾಡಬೇಕು ಅಂತ ತೀರ್ಮಾನಿಸುವವರು ಅವರೇ ಆದ್ದರಿಂದ.

ಕಿರಣ್: ಆಗ ಕಂಪನಿ ಕಟ್ತಿತ್ತು, ಆಮೇಲೆ ನಾವು ಕಟ್ಟಿದ್ವಿ, ಈಗ ಇನ್ನೊಂದು. ಜೂಜಾಟ ಇದು.

ಹರೀಶ್: ಕಿರಣ್, ಎರಡು ವರ್ಷ ಹಳೆಯ ನಿಯಮ ಹಿಡ್ಕೊಂಡು ಮೇಡಂ ತಪ್ಪು ಅಂದವರು ನೀವೇ ಅಲ್ವಾ?

ಕಿರಣ್: ನೀವೇನು ಅಡ್ಮಿನ್ನಾ?

ಹರೀಶ್: ಓದಿ ಬರೀರಿ ಅಂದೆ ಅಷ್ಟೆ.

ರೇಖಾ: ಬೈಬ್ಯಾಕ್ ಮಾರ್ಚ್‌ನಲ್ಲಿ ಮುಗಿದು ದುಡ್ಡು ಏಪ್ರಿಲ್‌ನಲ್ಲಿ ಬಂದರೆ ಯಾವ ನಿಯಮ? ದಯವಿಟ್ಟು ಹೇಳಿ.

ಪ್ರಕಾಶ್: 15ಎಚ್ ಫಾರಂ ಕೊಟ್ಟರೆ ತೆರಿಗೆಯೇ ಇಲ್ಲ ಅಂತಾರಲ್ಲ, ನಿಜವಾ?

ಸಿಎ ವಸುಧಾ: 15ಎಚ್ ಟಿಡಿಎಸ್ ತಡೆಯಲು, ತೆರಿಗೆ ತಪ್ಪಿಸಲು ಅಲ್ಲ. ಅದೂ ತೆರಿಗೆಯೇ ಬಾರದ ಹಿರಿಯರಿಗೆ ಮಾತ್ರ.

ಪ್ರಕಾಶ್: ಹಾಗಾದ್ರೆ 15ಎಚ್ ಕೊಡಬಹುದಾ?

ಸಿಎ ವಸುಧಾ: ಮೇಲೆ ಓದಿ.

ಕಿರಣ್: ಇಲ್ಲಿ ಕೇಳೋದೇ ತಪ್ಪಾಯ್ತು.

ರೇಖಾ: ಮೇಡಂ, ನನ್ನದು ಇನ್ನೂ ಹಾಗೇ ಇದೆ…