ನೋಡ್ ಅನಾಲಿಸಿಸ್: V1 ಕೋನ ಸರಿ ಇದೆ, ಅಳತೆ ಮಾತ್ರ ಜಾಸ್ತಿ ಬರ್ತಿದೆ

ಮೂರನೇ_ಸೆಮ್
ಕರೆಂಟ್ ಸೋರ್ಸ್ `10cos(10000t)` ಮಿಲಿಆಂಪ್, ನೋಡ್ 1ರ ಒಳಕ್ಕೆ. ನೋಡ್ 1ರಿಂದ ಗ್ರೌಂಡ್‌ಗೆ 1 ಕಿಲೋಓಮ್. ನೋಡ್ 1 ಮತ್ತು 2ರ ನಡುವೆ 0.1 ಮೈಕ್ರೋಫ್ಯಾರಡ್. ನೋಡ್ 2ರಿಂದ ಗ್ರೌಂಡ್‌ಗೆ 1 ಕಿಲೋಓಮ್, ಜೊತೆಗೆ ಪ್ಯಾರಲಲ್ ಆಗಿ 100 ಮಿಲಿಹೆನ್ರಿ ಕಾಯಿಲ್. ಮಿಲಿಸೀಮೆನ್ಸ್‌ನಲ್ಲಿ ಬರೆದ ನನ್ನ ಸಮೀಕರಣ:

```
(1+j)V1 - jV2 = 10
-jV1 + (1+2j)V2 = 0
```

V1 = 7.45 ವೋಲ್ಟ್, ಕೋನ -26.6 ಡಿಗ್ರಿ ಬಂತು. ಸಿಮ್ಯುಲೇಟರ್‌ನಲ್ಲಿ ಕೋನ ಅದೇ, ಆದರೆ 4.47 ವೋಲ್ಟ್. ಸೋರ್ಸ್ ಕೊಡುವ ಪವರ್ 33.3 ಮಿಲಿವ್ಯಾಟ್, ಎರಡು ರೆಸಿಸ್ಟರ್‌ಗಳದ್ದು ಕೂಡಿದರೂ ಅಷ್ಟೇ. ಎಲ್ಲಿ ತಪ್ಪಿದೆ?

ಬೆಸುಗೆ_ಭಟ್ಟ
ಸೋರ್ಸ್ ದಿಕ್ಕು ನೋಡಿ. ನನಗೂ ಹೀಗೇ ಆಗಿತ್ತು. `I1 1 0` ಅಂತ ಬರೆದಿದ್ದೆ, `I1 0 1` ಆಗಬೇಕಿತ್ತು.

ಮೂರನೇ_ಸೆಮ್
ಆಗ ಕೋನ 180 ಡಿಗ್ರಿ ತಿರುಗಬೇಕಿತ್ತು ಅಲ್ವಾ? ನನ್ನದು ಹಾಗಿಲ್ಲ. ನನ್ನ ಫೈಲ್‌ನಲ್ಲಿ `I1 0 1 AC 10m` ಅಂತಲೇ ಇದೆ, ಫ್ರೀಕ್ವೆನ್ಸಿ 1591.55 ಹರ್ಟ್ಸ್.

ರೆಸೋನೆನ್ಸ್_ರಾಯ
ಈ ಫ್ರೀಕ್ವೆನ್ಸಿಯಲ್ಲಿ ಕಾಯಿಲ್, ಕೆಪಾಸಿಟರ್ ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಸುಮ್ನೆ ಎರಡನ್ನೂ ತೆಗೆದು ಲೆಕ್ಕ ಮಾಡಿ.

ಹಳೇ_ಲ್ಯಾಬ್
ರಾಯರು ಹೇಳಿದ್ದು ಅರ್ಧ ಸರಿ. ಕಾಯಿಲ್‌ನ ಅಡ್ಮಿಟನ್ಸ್ `1/(jωL)`, ಅಂದರೆ `-j`. ತಮ್ಮಾ, ನೀನು `+j` ಹಾಕಿದ್ದೀಯ. ನೋಡ್ 2ರ ಮೊತ್ತ `1 + j - j`, ಅಂದರೆ ಬರೀ 1. ಹೊಡೆದುಹೋಗುವುದು ಅಲ್ಲಿ ಮಾತ್ರ. ನೋಡ್‌ಗಳ ನಡುವಿನ `-j` ಹಾಗೇ ಉಳಿಯುತ್ತದೆ. ಕೆಪಾಸಿಟರ್ ಕಿತ್ತರೆ ನೋಡ್ 2ಕ್ಕೆ ಕರೆಂಟ್ ಹೋಗುವ ದಾರಿಯೇ ಇಲ್ಲ.

```
V2 = jV1
(2+j)V1 = 10
V1 = 4 - 2j,  V2 = 2 + 4j
```

ಎರಡೂ 4.47 ವೋಲ್ಟ್. V2 ಕೋನ 63.4 ಡಿಗ್ರಿ.

ಪವರ್ ಟ್ಯಾಲಿ ಆಗಿದ್ದಕ್ಕೆ ಮೋಸ ಹೋಗಬೇಡ. ನೀನು ಬಿಡಿಸಿದ್ದು ಕಾಯಿಲ್ ಜಾಗದಲ್ಲಿ ಇನ್ನೊಂದು ಕೆಪಾಸಿಟರ್ ಇರುವ ಸರ್ಕ್ಯೂಟು. ಆ ಸರ್ಕ್ಯೂಟಿಗೆ ನಿನ್ನ ಉತ್ತರ ಸರಿ, ಹಾಗಾಗಿ ಪವರ್ ಕೂಡಲೇಬೇಕು. ಸರಿಯಾದ ಉತ್ತರದಲ್ಲಿ 20 ಮಿಲಿವ್ಯಾಟ್, ಒಂದೊಂದು ರೆಸಿಸ್ಟರ್‌ಗೆ ಹತ್ತು ಹತ್ತು. V1 ಕೋನ ಹೊಂದಿದ್ದು ಈ ಬೆಲೆಗಳಿಂದಾದ ಕಾಕತಾಳೀಯ, ಅಷ್ಟೇ.

ಇಂಥ ತಪ್ಪು ಸಿಗಬೇಕಾದರೆ ಕಾಯಿಲ್ ಕರೆಂಟ್ ನೋಡು. ನಿನ್ನ ಲೆಕ್ಕದಲ್ಲಿ ಅದು `+jV2`, ವೋಲ್ಟೇಜ್‌ಗಿಂತ 90 ಡಿಗ್ರಿ ಮುಂದೆ. ಕಾಯಿಲ್‌ನಲ್ಲಿ ಕರೆಂಟ್ ಹಿಂದೆ ಬೀಳಬೇಕು.

ಮೂರನೇ_ಸೆಮ್
ಥ್ಯಾಂಕ್ಸ್ ಸಾರ್, ಈಗ ಸಿಮ್ಯುಲೇಟರ್ ಜೊತೆ ಹೊಂದಿತು. ಬೋರ್ಡ್ ಮೇಲೆ ಕಟ್ಟಿದಾಗ ಮಾತ್ರ V2 ಸ್ವಲ್ಪ ಕಡಿಮೆ ತೋರಿಸ್ತಿದೆ.

ಹಳೇ_ಲ್ಯಾಬ್
ಕಾಯಿಲ್ ತಂತಿಗೆ ತನ್ನದೇ ರೆಸಿಸ್ಟನ್ಸ್ ಇರುತ್ತದೆ. 100 ಓಮ್ ಇದೆ ಅಂದುಕೊಂಡರೆ ಅಡ್ಮಿಟನ್ಸ್ `0.099 - 0.99j` ಆಗುತ್ತದೆ, V2 ಇಳಿಯುತ್ತದೆ. ಮಲ್ಟಿಮೀಟರ್‌ನಲ್ಲಿ ಅಳೆದು ಹಾಕು.

ಬೆಸುಗೆ_ಭಟ್ಟ
ಕರೆಂಟ್ ಸೋರ್ಸ್ ಅಂತ ಬೋರ್ಡ್ ಮೇಲೆ ಏನು ಕಟ್ಟಿದ್ದೀರಿ? ಫಂಕ್ಷನ್ ಜನರೇಟರ್‌ಗೆ ದೊಡ್ಡ ರೆಸಿಸ್ಟರ್ ಸೇರಿಸಿದ್ದರೆ ಅದೂ ನೋಡ್ 1ಕ್ಕೆ ಲೋಡೇ.