ಪಂಪ್ ಅಂಗಡಿಯಲ್ಲಿ ವಾರಂಟಿ ರಿಜಿಸ್ಟರ್ ಇಡುವುದು ಹೇಗೆ?

ಚಿಂತಾಮಣಿಯಿಂದ ಪ್ರಶ್ನೆ: ಸಬ್‌ಮರ್ಸಿಬಲ್ ಪಂಪಿನ ಅಂಗಡಿ ಇಟ್ಟು ಎರಡು ವರ್ಷವಾಯಿತು. ಯಾವ ಮೋಟಾರ್ ಯಾವಾಗ ವಾಪಸ್ ಬಂತು, ಏಕೆ ಸುಟ್ಟಿತು, ರಿಪೇರಿಗೆ ಎಷ್ಟಾಯಿತು ಎಂಬುದೆಲ್ಲ ಚೀಟಿಗಳಲ್ಲೇ ಕಳೆದುಹೋಗುತ್ತಿದೆ. ರಿಜಿಸ್ಟರ್ ಎಲ್ಲಿಂದ ಆರಂಭಿಸಲಿ?

ಶಿರಾದ ಅಂಗಡಿಯವರು: ಒಂದು ಮೋಟಾರಿಗೆ ಒಂದು ಸಾಲು ಕೊಡಿ, ಸಾಕು. ಸೀರಿಯಲ್ ನಂಬರನ್ನು ವಾರಂಟಿ ಕಾರ್ಡಿನಿಂದ ನೋಡಿ ಬರೆದುಕೊಳ್ಳಿ. ಅದೇ ಮೋಟಾರ್ ಮತ್ತೆ ಬಂದರೆ ಅದೇ ಸಾಲಿನಲ್ಲಿ ತಾರೀಖು ಬದಲಿಸಿದರಾಯಿತು. ನಾನು ನಾಲ್ಕು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ.

ಕೋಲಾರದ ವೈಂಡಿಂಗ್ ಅಂಗಡಿಯವರು: ಸೀರಿಯಲ್ ನಂಬರಿನಿಂದ ಆರಂಭಿಸಬೇಕೆಂಬ ಮಾತು ಸರಿ, ಆದರೆ ಸಾಲು ಮೋಟಾರಿಗಲ್ಲ, ಕ್ಲೈಮಿಗೆ ಇರಬೇಕು. ತಾರೀಖು ಅಳಿಸಿ ಬರೆದರೆ, ಒಂದೇ ಮೋಟಾರ್ ಎಂಟು ತಿಂಗಳಲ್ಲಿ ಮೂರು ಸಲ ಬಂದದ್ದೇ ಕಾಣದೆ ಹೋಗುತ್ತದೆ. ಕಾರ್ಡನ್ನೂ ಪೂರ್ತಿ ನಂಬಬೇಡಿ. ಪಂಪಿಗೊಂದು, ಮೋಟಾರಿಗೊಂದು ಬೇರೆ ಬೇರೆ ನಂಬರ್ ಇರುತ್ತದೆ. ಕೊಳವೆಬಾವಿಯ ಬಳಿ ಮೆಕಾನಿಕ್ ಮೋಟಾರನ್ನಷ್ಟೇ ಬದಲಿಸಿದ್ದರೆ ಕಾರ್ಡಿನ ನಂಬರೂ ಮೋಟಾರಿನ ಮೈಮೇಲಿನ ನಂಬರೂ ಒಂದೇ ಆಗಿರುವುದಿಲ್ಲ. ತುಕ್ಕನ್ನು ತಂತಿಬ್ರಶ್‌ನಿಂದ ಉಜ್ಜಿ, ಮೋಟಾರಿನ ಮೇಲೆ ಕೊರೆದ ನಂಬರನ್ನೇ ನೋಡಿ ಬರೆಯಿರಿ. ಎಕ್ಸೆಲ್‌ನಲ್ಲಿ ಆ ಕಾಲಮನ್ನು ಮೊದಲೇ Text ಮಾಡಿಕೊಳ್ಳಿ, ಇಲ್ಲವಾದರೆ ನಂಬರಿನ ಮೊದಲಿಗಿರುವ ಸೊನ್ನೆಗಳು ಉದುರಿಹೋಗುತ್ತವೆ.

ನಮಗೆ ಪೆಟ್ಟು ಬಿದ್ದದ್ದು ತಾರೀಖಿನ ವಿಷಯದಲ್ಲಿ. ನಾವು ಮಾರುತ್ತಿದ್ದ ಮೋಟಾರಿನ ಕಾರ್ಡಿನಲ್ಲಿ, ಇಳಿಸಿದ ದಿನದಿಂದ 12 ತಿಂಗಳು ಅಥವಾ ಕಂಪನಿಯಿಂದ ಹೊರಟ ದಿನದಿಂದ 18 ತಿಂಗಳು, ಯಾವುದು ಮೊದಲೋ ಅದು ಎಂದಿತ್ತು. ಒಂದು ಮೋಟಾರ್ 12-03-2023ರಂದು ಕಂಪನಿಯಿಂದ ಹೊರಟು, ಅಂಗಡಿಯಲ್ಲಿ ಎಂಟು ತಿಂಗಳು ಕೂತು, 05-11-2023ರಂದು ಬೋರಿಗೆ ಇಳಿಯಿತು. 20-09-2024ರಂದು ಸುಟ್ಟು ಬಂದಾಗ ರೈತರ ಲೆಕ್ಕದಲ್ಲಿ ಇನ್ನೂ ಒಂದೂವರೆ ತಿಂಗಳು ಬಾಕಿ. ಕಂಪನಿಯ ಲೆಕ್ಕದಲ್ಲಿ ಅವಧಿ 12-09-2024ಕ್ಕೇ ಮುಗಿದಿತ್ತು. ವೈಂಡಿಂಗಿನ 6,500 ರೂಪಾಯಿ ನಮ್ಮ ಕೈಯಿಂದಲೇ ಹೋಯಿತು. ಆ ನಂತರ ಕಂಪನಿಯಿಂದ ಹೊರಟ ದಿನವನ್ನು D ಕಾಲಮಿನಲ್ಲಿ, ಇಳಿಸಿದ ದಿನವನ್ನು E ಕಾಲಮಿನಲ್ಲಿ ಬರೆದು, ಮುಗಿಯುವ ದಿನವನ್ನು Date ಮಾಡಿಕೊಂಡ ಇನ್ನೊಂದು ಕಾಲಮಿನಲ್ಲಿ ಹೀಗೆ ತೆಗೆಯುತ್ತೇವೆ:

```
=MIN(EDATE(D2,18),EDATE(E2,12))
```

ಸುಟ್ಟ ಕಾರಣಕ್ಕೆ ಎರಡು ಕಾಲಂ ಬೇಕು. ಒಂದರಲ್ಲಿ ರೈತರು ಹೇಳಿದ್ದು, ಇನ್ನೊಂದರಲ್ಲಿ ಬಿಚ್ಚಿದಾಗ ಕಂಡದ್ದು. "ಕರೆಂಟ್ ಜಾಸ್ತಿ ಬಂದು ಸುಟ್ಟಿತು" ಎಂದು ತಂದ ಮೋಟಾರನ್ನು ಬಿಚ್ಚಿದರೆ, ಸ್ಟಾರ್ ಜೋಡಣೆಯದ್ದಾದರೆ ಎರಡು ಫೇಸಿನ ಸುರುಳಿ ಕರಿಯಾಗಿ ಮೂರನೆಯದು ಹೊಸದರಂತೆ ಹೊಳೆಯುತ್ತಿರುತ್ತದೆ. ಅದು ಒಂದು ಫೇಸ್ ಹೋದಾಗಲೂ ಓಡಿದ ಗುರುತು. ಡೆಲ್ಟಾ ಆದರೆ ತದ್ವಿರುದ್ಧ, ಒಂದೇ ಫೇಸ್ ಸುಟ್ಟಿರುತ್ತದೆ. ಮೂರೂ ಒಂದೇ ಸಮನಾಗಿ ಸುಟ್ಟಿದ್ದರೆ ಕಡಿಮೆ ವೋಲ್ಟೇಜನ್ನೋ ಮೀರಿದ ಲೋಡನ್ನೋ ನೋಡಬೇಕು. ಸುರುಳಿ ಚೆನ್ನಾಗಿದ್ದು ಪಂಪಿನ ಇಂಪೆಲ್ಲರ್ ಸವೆದಿದ್ದರೆ ಮರಳು. ಬುಷ್ ಕರಗಿದ್ದರೆ ನೀರಿಲ್ಲದೆ ಓಡಿದೆ. ಸುರುಳಿಯ ಒಂದು ಫೋಟೋ ತೆಗೆದು, ಕ್ಲೈಮ್ ನಂಬರನ್ನೇ ಅದರ ಹೆಸರಾಗಿ ಇಡಿ. ಕಂಪನಿಯವರು ಮೊದಲು ಕೇಳುವುದು ಅದನ್ನೇ.

ಗೌರಿಬಿದನೂರಿನ ರೈತರು: ನನ್ನ 7.5 ಎಚ್‌ಪಿ ಮೋಟಾರ್ ಹತ್ತು ತಿಂಗಳಿಗೇ ಸುಟ್ಟಿತು, ಬಿಲ್ಲು ಕಳೆದಿದೆ. ಅಂಗಡಿಯವರು ಇಂಥ ಪುಸ್ತಕ ಇಟ್ಟಿದ್ದರೆ ನನಗೆ ವಾರಂಟಿ ಸಿಗುತ್ತದೆಯೇ?

ಕೋಲಾರದ ವೈಂಡಿಂಗ್ ಅಂಗಡಿಯವರು: ಪ್ರಶ್ನೆ ಅಂಗಡಿಯ ಕಡೆಯದು, ಗೌಡರೇ. ಆದರೂ ಹೇಳುತ್ತೇನೆ: ಪುಸ್ತಕದಲ್ಲಿ ನಂಬರಿನ ಜೊತೆ ಬಿಲ್ ನಂಬರೂ ಇದ್ದರೆ ಅವರು ಬಿಲ್ಲಿನ ನಕಲು ತೆಗೆದುಕೊಡಬಹುದು. ಒಪ್ಪುವುದು ಬಿಡುವುದು ಕಂಪನಿಗೆ ಸೇರಿದ್ದು, ಒಂದು ಫೇಸಿನಲ್ಲಿ ಓಡಿ ಸುಟ್ಟದ್ದಾದರೆ ಬಹುಪಾಲು ಒಪ್ಪುವುದಿಲ್ಲ.

ತುಮಕೂರಿನ ಲೆಕ್ಕಪತ್ರ ನೋಡುವವರು: ರಿಪೇರಿ ವೆಚ್ಚವನ್ನು ಒಂದೇ ಮೊತ್ತವಾಗಿ ಬರೆಯಬೇಡಿ. ಕಂಪನಿ ಕೊಟ್ಟದ್ದು, ಗ್ರಾಹಕರು ಕೊಟ್ಟದ್ದು, ಅಂಗಡಿ ಹೊತ್ತದ್ದು ಎಂದು ಮೂರು ಕಾಲಂ ಮಾಡಿ. ಸಾವಿರ ಅಡಿಯಿಂದ ಮೋಟಾರ್ ಎತ್ತಿ ಇಳಿಸುವ ಕೂಲಿಯನ್ನು ಇದರಲ್ಲಿ ಸೇರಿಸಬಾರದು, ಅದು ರಿಪೇರಿಯಲ್ಲ.

ಕೋಲಾರದ ವೈಂಡಿಂಗ್ ಅಂಗಡಿಯವರು: ಮೂರು ಕಾಲಮಿನ ಮಾತು ಒಪ್ಪಿದೆ, ನಾವೂ ಬದಲಿಸಿಕೊಳ್ಳುತ್ತೇವೆ. ಎತ್ತುವ ಕೂಲಿಯ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಕೆಲವು ಸಲ ಅದೇ ವೈಂಡಿಂಗಿಗಿಂತ ಹೆಚ್ಚಾಗಿ, ಜಗಳವೂ ಅದರ ಮೇಲೆಯೇ ಆಗುತ್ತದೆ.

ತುಮಕೂರಿನ ಲೆಕ್ಕಪತ್ರ ನೋಡುವವರು: ಹಾಗಾದರೆ ಬೇರೆ ಕಾಲಮಿನಲ್ಲಿ ಬರೆಯಿರಿ, ಮೊತ್ತಕ್ಕೆ ಸೇರಿಸಬೇಡಿ. ಎರಡು ಮಾಡೆಲ್ ಹೋಲಿಸುವಾಗ ಬೋರಿನ ಆಳವೇ ಉತ್ತರವನ್ನು ಕೆಡಿಸುತ್ತದೆ.

ಚಿಂತಾಮಣಿಯವರು: ಇಳಿಸಿದ ದಿನ ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ. ಹಳೆಯ ನಲವತ್ತು ಮೋಟಾರುಗಳಿಗೆ ಬಿಲ್ಲಿನ ದಿನವನ್ನೇ ಹಾಕಬಹುದೇ?

ಕೋಲಾರದ ವೈಂಡಿಂಗ್ ಅಂಗಡಿಯವರು: ಹಾಕಿ, ಆದರೆ ಆ ಖಾನೆಗೆ ಬಣ್ಣ ಹಚ್ಚಿಡಿ. ಇಳಿಸಿದ ಮೆಕಾನಿಕ್‌ನ ಕೂಲಿಚೀಟಿ ಸಿಕ್ಕ ದಿನ ತಿದ್ದಬಹುದು.