ಸಮಸ್ಯೆ: ಬಿಲ್ಲಿನ ಹೆದೆಯೇ ಜೇಬೊಳು ಸೇರಿತು

ಹಳೇಮೇಷ್ಟ್ರು: ಈ ವಾರದ್ದು ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಮೊದಲಿನ ಮೂರು ಸಾಲು ನೀವು ಕಟ್ಟಿ. ಸುಳಿವು ಒಂದೇ: ಆರ್ಯಭಟನಿಂದ ನಿಮ್ಮ ಕ್ಯಾಲ್ಕುಲೇಟರ್‌ನ ಸೈನ್ ಬಟನ್‌ವರೆಗೆ. ರಾಮಾಯಣದ ಬಿಲ್ಲು ತಂದವರಿಗೆ ಅಂಕ ಇಲ್ಲ.

ಮಾರಾಯ: ಸುಳಿವು ಓದುವ ಮೊದಲೇ ಬರೆದಾಗಿತ್ತು ಮಾರಾಯ್ರೇ. ಮೊಮ್ಮಗನ ಆಟದ ಬಿಲ್ಲು ನಿನ್ನೆ ಹೀಗೇ ಆಯಿತು.

ಚೆಲ್ಲಿದ ಆಟಿಕೆ ಹೆಕ್ಕುತ ಮೊಮ್ಮಗ
ಮೆಲ್ಲಗೆ ನನ್ನಯ ಅಂಗಿಯ ಹಿಡಿದನು
ಎಲ್ಲಿದೆ ಎಂದರೆ ನಗುತಲೆ ನಿಂತನು
ಬಿಲ್ಲಿನ ಹೆದೆಯೇ ಜೇಬೊಳು ಸೇರಿತು

ಗಣಪ್ರಸ್ತಾರ: ಮಾತ್ರೆ ಸರಿ, ಪ್ರಾಸ ಸರಿ, ಪ್ರಶ್ನೆ ಮಾತ್ರ ಬೇರೆ. ಮೇಷ್ಟ್ರೇ, ‘ಜೇಬೊಳು’ ಅಂತ ಪಾರಸಿ ಜೇಬಿಗೆ ಹಳೆಗಾಲದ ‘ಒಳು’ ಹೊಲಿದಿದ್ದೀರಲ್ಲ, ಇದು ಅರಿಸಮಾಸ ಆಗಲಿಲ್ಲವೇ?

ಹಳೇಮೇಷ್ಟ್ರು: ಪ್ರತ್ಯಯ ಹಚ್ಚಿದರೆ ಸಮಾಸ ಆಗುವುದಿಲ್ಲ ಸ್ವಾಮಿ. ಯುಗಾದಿಗೂ ಇದನ್ನೇ ಹೇಳಿದ್ದೆ.

ಗಣಪ್ರಸ್ತಾರ: ಯುಗಾದಿಗೂ ನಾನು ಒಪ್ಪಿರಲಿಲ್ಲ.

ಶಿರಸಿಯಕ್ಕ: ಜಗಳ ಮುಗಿಯುವುದರೊಳಗೆ ಒಂದು:

ಸೊಲ್ಲನೆ ಕೇಳದೆ ಬರೆಹವನೋದಲು
ಎಲ್ಲಿಯ ಜೀವಾ ಎಲ್ಲಿಯ ಕಿಸೆಯೋ
ಬಲ್ಲವರಿಬ್ಬರ ನಡುವಿನ ಪಯಣದಿ
ಬಿಲ್ಲಿನ ಹೆದೆಯೇ ಜೇಬೊಳು ಸೇರಿತು

ಹಳೇಮೇಷ್ಟ್ರು: ಭೇಷ್ ಅಕ್ಕ.

ಗಣಪ್ರಸ್ತಾರ: ಚೆನ್ನಾಗಿದೆ.

ಪಂಚ್‌ಲೈನ್: ನಂದೂ ನೋಡಿ ಸಾರ್.

ಕಲ್ಲೊಳು ಬರೆಯದೆ ನುಡಿಯಲಿ ಹೊಸೆದನು
ಬಲ್ಲವನೊಬ್ಬನು ಗಣಿತದ ಜ್ಯಾಗಳ
ಸಲ್ಲಲು ಅರ್ಧಜ್ಯಾ ಪರದೇಶಕೆ
ಬಿಲ್ಲಿನ ಹೆದೆಯೇ ಜೇಬೊಳು ಸೇರಿತು

ಮಾರಾಯ: ‘ಅರ್ಧ’ ಮೂರೇ ಮಾತ್ರೆ ಅಲ್ವಾ? ಒಂದು ಕಮ್ಮಿ ಬಿತ್ತು.

ಗಣಪ್ರಸ್ತಾರ: ಇಲ್ಲ, ಮುಂದೆ ‘ಜ್ಯಾ’ ಒತ್ತಕ್ಷರ ಇದೆ. ‘ಧ’ ಗುರುವಾಯಿತು, ನಾಲ್ಕು ತುಂಬಿತು. ಆದರೆ ತಮ್ಮಾ, ಎರಡನೇ ಸಾಲಲ್ಲಿ ‘ಗಣಿತದ ಜ್ಯಾಗಳ’ ಅಂದಿದ್ದೀಯ. ಅಲ್ಲೂ ಅದೇ ‘ಜ್ಯಾ’. ‘ದ’ ಗುರುವಾದರೆ ಆ ಗಣಕ್ಕೆ ಐದು ಮಾತ್ರೆ. ಒಂದೇ ‘ಜ್ಯಾ’ ಒಂದು ಸಾಲಲ್ಲಿ ಭಾರ, ಇನ್ನೊಂದರಲ್ಲಿ ಹಗುರ ಹೇಗೆ?

ಪಂಚ್‌ಲೈನ್: ‘ಅರ್ಧಜ್ಯಾ’ ಒಂದೇ ಪದ ಸಾರ್. ‘ಗಣಿತದ’ ಆದಮೇಲೆ ಪದ ಮುಗೀತು, ಉಸಿರು ತಗೋತೀವಿ.

ಗಣಪ್ರಸ್ತಾರ: ನಿನ್ನ ಉಸಿರಿಗೆ ತಕ್ಕಂತೆ ಛಂದಸ್ಸು ಬಗ್ಗುವುದಿಲ್ಲ.

ಶಿರಸಿಯಕ್ಕ: ಕನ್ನಡದಲ್ಲಿ ಪದ ಬಿಡಿಯಾಗಿದ್ದರೆ ಒತ್ತು ಹಿಂದಕ್ಕೆ ಹೋಗಲೇಬೇಕು ಅಂತಿಲ್ಲ. ಹಾಡಿ ನೋಡಿ, ಎಲ್ಲೂ ಎಡವುವುದಿಲ್ಲ.

ಗಣಪ್ರಸ್ತಾರ: ಹಾಡಿದರೆ ದಿನಪತ್ರಿಕೆಯೂ ಎಡವುವುದಿಲ್ಲ ಅಕ್ಕ.

ಮಾರಾಯ: ನನಗೆ ಬೇರೆ ಅನುಮಾನ. ಶಾಲೆಯಲ್ಲಿ ಜ್ಯಾ ಅಂದರೆ ವೃತ್ತದ ಈ ಬದಿಯಿಂದ ಆ ಬದಿಗೆ ಎಳೆದ ಇಡೀ ಗೆರೆ. ಅದಕ್ಕೂ ಸೈನ್‌ಗೂ ಎಲ್ಲಿಯ ಸಂಬಂಧ?

ಹಳೇಮೇಷ್ಟ್ರು: ಒಳ್ಳೇ ಕಡೆ ಕೈ ಇಟ್ಟಿರಿ. ವೃತ್ತದ ತುಂಡು ಬಿಲ್ಲು, ಅದರ ಎರಡು ತುದಿ ಸೇರಿಸುವ ಗೆರೆ ಹೆದೆ. ಹೆದೆಗೆ ಸಂಸ್ಕೃತದಲ್ಲಿ ಜ್ಯಾ, ಜೀವಾ ಎರಡೂ ಹೆಸರಿವೆ. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ಕೋಷ್ಟಕ ಮಾಡಿದ್ದು ಈ ಇಡೀ ಹೆದೆಗೇ, ತ್ರಿಜ್ಯ 60 ಇಟ್ಟುಕೊಂಡು. ಆದರೆ ಗ್ರಹದ ಲೆಕ್ಕದಲ್ಲಿ ಮತ್ತೆ ಮತ್ತೆ ಬೇಕಾಗುವುದು ಲಂಬಕೋನ ತ್ರಿಭುಜದ ಒಂದು ಬಾಹು, ಅಂದರೆ ಅರ್ಧ ಹೆದೆ. 30 ಡಿಗ್ರಿಗೆ ಅದು ಬೇಕಾದರೆ ಮೊದಲು ಕೋನವನ್ನು 60 ಮಾಡಿ, ಕೋಷ್ಟಕದಲ್ಲಿ ಹೆದೆ 60 ಅಂತ ನೋಡಿ, ಅದನ್ನು ಅರ್ಧ ಮಾಡಿದರೆ 30 ಸಿಗುತ್ತೆ. ಪ್ರತಿ ಸಲವೂ ದುಪ್ಪಟ್ಟು ಮಾಡು, ಅರ್ಧ ಮಾಡು. ನಮ್ಮವರು ಅರ್ಧ ಹೆದೆಗೇ ಕೋಷ್ಟಕ ಕಟ್ಟಿದರು. ಅದು ಅರ್ಧಜ್ಯಾ. ಬರಬರುತ್ತಾ ‘ಅರ್ಧ’ ಉದುರಿ ಬರೀ ಜ್ಯಾ ಆಯಿತು. ಶಾಲೆಯ ಪುಸ್ತಕ ಹಳೇ ಅರ್ಥವನ್ನೇ ಇಟ್ಟುಕೊಂಡಿದೆ, ಅದಕ್ಕೇ ನಿಮಗೆ ಗಲಿಬಿಲಿ.

ಪಂಚ್‌ಲೈನ್: ಆರ್ಯಭಟ ಆ 24 ಜ್ಯಾಗಳನ್ನ ಒಂದೇ ಪದ್ಯದಲ್ಲಿ ಹೇಳಿದ್ದಾನೆ. ‘ಮಖಿ ಭಖಿ ಫಖಿ ಧಖಿ’ ಅಂತ ಶುರು. ಮ ಅಂದ್ರೆ 25, ಖ ಎರಡು, ಅದಕ್ಕೆ ಇಕಾರ ಬಂದ್ರೆ ನೂರರ ಸ್ಥಾನ, ಹಾಗಾಗಿ ಖಿ 200. ಮಖಿ 225. ನಾನು ‘ನುಡಿಯಲಿ ಹೊಸೆದನು’ ಅಂದಿದ್ದು ಇದಕ್ಕೇ.

ಹಳೇಮೇಷ್ಟ್ರು: ಅಕ್ಷರ ಬಿಡಿಸಿದ್ದು ಸರಿ. ಆದರೆ ಅವು ಜ್ಯಾಗಳಲ್ಲ.

ಪಂಚ್‌ಲೈನ್: ಪದ್ಯದ ಕೊನೆಗೆ ‘ಅರ್ಧಜ್ಯಾಃ’ ಅಂತಲೇ ಇದೆಯಲ್ಲ ಸಾರ್!

ಹಳೇಮೇಷ್ಟ್ರು: ಇದೆ. ಆದರೂ ಕೊನೆಯ ಸಂಖ್ಯೆ ನೋಡಪ್ಪ, ‘ಛ’, ಅಂದರೆ 7. ಅದು ಜ್ಯಾ ಆಗಿದ್ದರೆ 90 ಡಿಗ್ರಿಯ ಜ್ಯಾ ಎಲ್ಲಕ್ಕಿಂತ ಚಿಕ್ಕದಾಗಬೇಕು. ಆಗಬೇಕಾದ್ದು ಎಲ್ಲಕ್ಕಿಂತ ದೊಡ್ಡದು. ಅವು ಒಂದು ಜ್ಯಾಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸಗಳು, ಕೂಡಿಸುತ್ತಾ ಹೋಗಬೇಕು. ಒಂದೊಂದು ಹೆಜ್ಜೆ 225 ಕಲೆ, ಡಿಗ್ರಿಗೆ 60 ಕಲೆಯಂತೆ ಮೂರೂಮುಕ್ಕಾಲು ಡಿಗ್ರಿ. ಎಂಟು ಹೆಜ್ಜೆಗೆ 30 ಡಿಗ್ರಿ. ಪೆನ್ನು ಹಿಡಿ: 225, 224, 222, 219, 215, 210, 205, 199.

ಪಂಚ್‌ಲೈನ್: 1719.

ಹಳೇಮೇಷ್ಟ್ರು: ಪೂರ್ತಿ 24 ಕೂಡಿಸಿದರೆ 3438. ಅದೇ ಅವನ ತ್ರಿಜ್ಯ. ಈಗ 1719ನ್ನು 3438ರಿಂದ ಭಾಗಿಸು.

ಪಂಚ್‌ಲೈನ್: ಕರೆಕ್ಟಾಗಿ ಅರ್ಧ! sin 30. ಸುಮ್ನೆ 15 ಡಿಗ್ರಿಗೂ ನೋಡಿದೆ. ನಾಲ್ಕು ಕೂಡಿಸಿದರೆ 890, ಭಾಗಿಸಿದರೆ 0.2589. ಫೋನು 0.2588 ಅಂತಿದೆ. ಸೋತೆ ಸಾರ್.

ಶಿರಸಿಯಕ್ಕ: ಆ 3438 ಎಲ್ಲಿಂದ ಬಂತು?

ಹಳೇಮೇಷ್ಟ್ರು: ಸುತ್ತಳತೆ 21600 ಕಲೆ. ಅದೇ ಅಳತೆಯಲ್ಲಿ ತ್ರಿಜ್ಯ 3437ಮುಕ್ಕಾಲು, ಹತ್ತಿರದ ಪೂರ್ಣಾಂಕ 3438. ಬಿಲ್ಲಿಗೂ ಹೆದೆಗೂ ಒಂದೇ ಮಾನ. ಚಿಕ್ಕ ಕೋನದಲ್ಲಿ ಬಿಲ್ಲು ಹೆದೆಗೆ ಅಂಟಿಕೊಂಡೇ ಇರುತ್ತೆ, ಅದಕ್ಕೇ 225 ಕಲೆಯ ಬಿಲ್ಲಿಗೆ ಮೊದಲ ಜ್ಯಾನೂ 225. ಇದು ಉದ್ದ, ಅನುಪಾತ ಅಲ್ಲ ಅನ್ನೋದು ನೆನಪಿರಲಿ. ತ್ರಿಜ್ಯ ಬದಲಾದರೆ ಕೋಷ್ಟಕವೂ ಬದಲು. ವರಾಹಮಿಹಿರ 120 ಇಟ್ಟುಕೊಂಡ, ಅವನ ಅಂಕಿಗಳೇ ಬೇರೆ. ತ್ರಿಜ್ಯ 1 ಅಂತಿಟ್ಟು ಸೈನನ್ನು ಬರೀ ಸಂಖ್ಯೆಯಾಗಿ ನೋಡುವ ರೂಢಿ ಗಟ್ಟಿಯಾಗಿದ್ದು 1748ರ ಆಯ್ಲರ್ ಪುಸ್ತಕದಿಂದ. ನಿಮ್ಮ ಬಟನ್ ಒಳಗಿರೋದು ಅದು.

ಮಾರಾಯ: ಜೇಬು ಎಲ್ಲಿ ಬಂತು ಅಂತ ಇನ್ನೂ ಹೇಳಲಿಲ್ಲ.

ಶಿರಸಿಯಕ್ಕ: ನನ್ನ ಪದ್ಯದಲ್ಲೇ ಇದೆಯಲ್ಲ ಅಣ್ಣ. ಅರಬ್ಬರು ‘ಜೀವಾ’ವನ್ನು ‘ಜೀಬಾ’ ಅಂತ ಹಾಗೇ ಇಟ್ಟುಕೊಂಡರು. ಅವರ ಬರಹದಲ್ಲಿ ಸ್ವರಚಿಹ್ನೆ ಹಾಕುವ ರೂಢಿ ಕಮ್ಮಿ, ಉಳಿಯೋದು ಜ-ಯ-ಬ. ಜೀಬಾಗೆ ಅವರ ಭಾಷೆಯಲ್ಲಿ ಅರ್ಥವಿಲ್ಲ, ಅದೇ ಅಕ್ಷರದ ‘ಜೈಬ್’ಗೆ ಇದೆ. ಓದುವವರು ಹಾಗೇ ಓದಿದರು. 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ತಂದವರು ಅರ್ಥ ನೋಡಿ ‘ಸೈನಸ್’ ಅಂದರು. ಅದೇ ಸೈನ್. ಆ ಜೈಬ್ ಪಾರಸಿ ಕಡೆಯಿಂದ ನಮ್ಮ ಅಂಗಿಗೂ ಬಂತು, ಜೇಬು ಅಂತ.

ಪಂಚ್‌ಲೈನ್: ತಂದಿದ್ದು ಕ್ರೆಮೊನಾದ ಜೆರಾರ್ಡ್, ಟೊಲೆಡೊದಲ್ಲಿ ಕೂತು.

ಹಳೇಮೇಷ್ಟ್ರು: ಅವನಿಗಿಂತ ಮೊದಲೇ ಚೆಸ್ಟರಿನ ರಾಬರ್ಟ್ ಅನ್ನುವವರೂ ಇದ್ದಾರೆ. ಒಬ್ಬನ ಹೆಸರಿಗೆ ಪಟ್ಟ ಕಟ್ಟಬೇಡ.

ಮಾರಾಯ: ನನಗೂ ಸೈನಸ್ ಇದೆ, ಮೂಗಿನಲ್ಲಿ. ಮಳೆಗಾಲದಲ್ಲಿ ತಲೆ ಎತ್ತಲಿಕ್ಕಾಗುವುದಿಲ್ಲ.

ಶಿರಸಿಯಕ್ಕ: ಅದೂ ಅದೇ ಪದ ಅಣ್ಣ. ಒಳಗೆ ಬಾಗಿದ ಟೊಳ್ಳು.

ಗಣಪ್ರಸ್ತಾರ: ಅಲ್ಲೇ ಸಿಕ್ಕಿಬಿದ್ದಿರಿ. ಆ ಕಾಲದ ಜೈಬ್ ಅಂಗಿಗೆ ಹೊಲಿದ ಕಿಸೆಯಲ್ಲ, ಎದೆಯ ಹತ್ತಿರ ಬಟ್ಟೆ ತೆರೆಯುವ ಜಾಗ. ಲ್ಯಾಟಿನ್ ಸೈನಸ್ ಕೂಡ ಬಟ್ಟೆಯ ಮಡಿಕೆ, ಎದೆ. ಕನ್ನಡದಲ್ಲಿ ಅದು ಮಡಿಲು. ಅಂದರೆ ಸಮಸ್ಯೆಯೇ ತಪ್ಪು. ತಗೊಳ್ಳಿ:

ಅಲ್ಲಿನ ಜೈಬೋ ಕಿಸೆಯೇನಲ್ಲವು
ಇಲ್ಲಿಗೆ ಬಂದದು ಜೇಬಾಯಿತು ಕೇಳ್
ಎಲ್ಲರು ಮೆಚ್ಚಿದ ಸೈನಸ್ಸೊಳಗೋ
ಬಿಲ್ಲಿನ ಹೆದೆಯೇ ಮಡಿಲಿಗೆ ಬಿದ್ದಿತು

ಹಳೇಮೇಷ್ಟ್ರು: ಪದ್ಯ ಚೆನ್ನಾಗಿದೆ. ಆದರೆ ಕೊಟ್ಟ ಸಾಲನ್ನೇ ತಿದ್ದಿದರೆ ಪೂರಣ ಹೇಗಾಗುತ್ತೆ? ಅಂಕ ಇಲ್ಲ.

ಗಣಪ್ರಸ್ತಾರ: ಅಂಕ ಯಾರು ಕೇಳಿದರು? ‘ಗಣಿತದ’ ಕೊನೆಯ ‘ದ’ ಲಘುವೋ ಗುರುವೋ, ಅದನ್ನು ಮೊದಲು ಹೇಳಿ.